ಸೆಮಿನಾರ್ ವರದಿ: ಇತಿಹಾಸದ ಪ್ಯಾರಾ, ತಿದ್ದಿದ ರೂಪ

ಬ್ಯಾಕ್ಟೀರಿಯಾ ಪ್ರತಿಜೀವಕ ಔಷಧಗಳಿಗೆ ಬಗ್ಗದಂತಾಗುವುದರ ಬಗ್ಗೆ ನೀನು ಬರೆದ ವರದಿ ಓದಿದೆ. ವಿಷಯ ಚೆನ್ನಾಗಿ ಹಿಡಿದಿದ್ದೀಯ, ಆದರೆ ಧಾಟಿ ಪೂರ್ತಿ ಹರಟೆಯದು. ಎಲ್ಲವನ್ನೂ ನಾನೇ ತಿದ್ದಿದರೆ ಅದು ನನ್ನ ವರದಿ ಆಗಿಬಿಡುತ್ತೆ, ಅಲ್ವಾ? ಅದಕ್ಕೇ ಒಂದೇ ಪ್ಯಾರಾ ತಿದ್ದಿದ್ದೇನೆ.

ನೀನು ಬರೆದದ್ದು:

"ಪೆನಿಸಿಲಿನ್ ಬಂದಾಗ ಇನ್ನು ರೋಗಾಣುಗಳ ಕತೆ ಮುಗೀತು ಅಂತ ಎಲ್ಲರೂ ಅಂದ್ಕೊಂಡ್ರು. ಬ್ಯಾಕ್ಟೀರಿಯಾ ಸುಮ್ನೆ ಕೂರ್ತಾವಾ? ಕಮ್ಮಿ ಡೋಸ್ ತಗೊಂಡ್ರೆ ಕಷ್ಟ ಅಂತ ಫ್ಲೆಮಿಂಗ್ ಆಗಲೇ ಹೇಳಿದ್ರು, ಯಾರೂ ಕೇಳ್ಲಿಲ್ಲ. ಬ್ಯಾಕ್ಟೀರಿಯಾಗೆ ಔಷಧಿ ಅಭ್ಯಾಸ ಆಗ್ಬಿಡುತ್ತೆ. ನನ್ನ ಪ್ರಕಾರ ಜನ ಮಾತ್ರೆ ಅರ್ಧಕ್ಕೆ ಬಿಡೋದೇ ಇದಕ್ಕೆಲ್ಲ ಕಾರಣ."

ತಿದ್ದಿದ ಮೇಲೆ:

"ಪೆನಿಸಿಲಿನ್ 1940ರ ದಶಕದಲ್ಲಿ ವ್ಯಾಪಕ ಬಳಕೆಗೆ ಬಂದಿತು. ಅದಕ್ಕೆ ಮೊದಲೇ, 1940ರಲ್ಲಿ, ಪೆನಿಸಿಲಿನ್ನನ್ನು ನಾಶಪಡಿಸುವ ಕಿಣ್ವವೊಂದು ಬ್ಯಾಕ್ಟೀರಿಯಾದಲ್ಲಿ ಇರುವುದನ್ನು ಅಬ್ರಹಾಂ ಮತ್ತು ಚೈನ್ ವರದಿ ಮಾಡಿದ್ದರು. ಔಷಧವನ್ನು ಕಡಿಮೆ ಪ್ರಮಾಣದಲ್ಲಿ ಸೇವಿಸಿದರೆ ನಿರೋಧಕ ರೋಗಾಣುಗಳು ಬೆಳೆಯುವ ಅಪಾಯವಿದೆ ಎಂದು ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲಿ ಎಚ್ಚರಿಸಿದರು. ಪ್ರತಿಜೀವಕ ಔಷಧವು ಅದನ್ನು ತಾಳಲಾರದ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಜೀನ್‌ಗಳ ಆಕಸ್ಮಿಕ ಬದಲಾವಣೆಯಿಂದ ಅಥವಾ ಬೇರೆ ಬ್ಯಾಕ್ಟೀರಿಯಾದಿಂದ ಪಡೆದ ಜೀನ್‌ಗಳಿಂದ ನಿರೋಧಕ ಗುಣ ಹೊಂದಿದವು ಉಳಿದು ಹೆಚ್ಚುತ್ತವೆ. ಅನಗತ್ಯ ಸೇವನೆ, ತಪ್ಪು ಪ್ರಮಾಣ ಹಾಗೂ ಪಶುಸಾಕಣೆಯಲ್ಲಿನ ಬಳಕೆ ಈ ಪ್ರಕ್ರಿಯೆಗೆ ವೇಗ ನೀಡುತ್ತವೆ."

'ಅಂದ್ಕೊಂಡ್ರು' ಹೋಗಿ 'ಭಾವಿಸಿದರು' ಬಂದರೆ ಸಾಕು ಅಂತ ಬಹಳ ಜನ ತಿಳಿದಿರುತ್ತಾರೆ. ಸಾಲದು. 'ಎಲ್ಲರೂ' ಅಂದರೆ ಯಾರು? ಹೇಳೋಕೆ ಆಗಲ್ಲ, ಹಾಗಾಗಿ ಆ ವಾಕ್ಯವನ್ನೇ ತೆಗೆದೆ. 'ಯಾರೂ ಕೇಳ್ಲಿಲ್ಲ' ಕೂಡ ಅದೇ ಜಾತಿ. ಫ್ಲೆಮಿಂಗ್ 'ಆಗಲೇ' ಹೇಳಿದ್ದು ಯಾವಾಗ, ಎಲ್ಲಿ ಅಂತ ಬರೆದ ತಕ್ಷಣ ವಾಕ್ಯಕ್ಕೆ ತೂಕ ಬಂತು ನೋಡು.

ಜಾಸ್ತಿ ಯೋಚಿಸಬೇಕಾದ್ದು 'ಅಭ್ಯಾಸ ಆಗ್ಬಿಡುತ್ತೆ' ಅನ್ನೋದರ ಬಗ್ಗೆ. ಇದು ಬರೀ ಧಾಟಿಯ ದೋಷವಲ್ಲ, ವಿಷಯವೇ ತಪ್ಪು. ಔಷಧಿಗೆ ಒಗ್ಗಿಕೊಂಡು ಬದುಕುವ ಬ್ಯಾಕ್ಟೀರಿಯಾ ಇಲ್ಲಿಲ್ಲ; ಒಂದಿಷ್ಟು ಸತ್ತು, ನಿರೋಧಕ ಗುಣ ಇರುವವು ಉಳಿಯುತ್ತವೆ. ಆಡುಮಾತಿನಲ್ಲಿ ಇದು ಸಲೀಸಾಗಿ ನುಸುಳಿಹೋಗಿತ್ತು. ಹಾಗೆಯೇ 'ನನ್ನ ಪ್ರಕಾರ' ಅಳಿಸಿದರೂ 'ಇದಕ್ಕೆಲ್ಲ ಕಾರಣ' ಉಳಿದರೆ ತೊಂದರೆ ಇನ್ನೂ ಹೆಚ್ಚು, ಏಕೆಂದರೆ ನಿನ್ನ ಊಹೆ ಸಿದ್ಧ ಸತ್ಯದಂತೆ ಕಾಣುತ್ತದೆ. ಮಾತ್ರೆಗಳ ಕೋರ್ಸ್ ಪೂರ್ತಿ ಮುಗಿಸದಿದ್ದರೆ ನಿರೋಧಕತೆ ಹೆಚ್ಚುತ್ತದೆಯೇ ಎಂಬುದರಲ್ಲಿ ತಜ್ಞರ ನಡುವೆಯೇ ಒಮ್ಮತವಿಲ್ಲ.

ಇನ್ನೊಂದು ಮಾತು. 'ಮಾಡಲಾಯಿತು', 'ಗಮನಿಸಲಾಗಿದೆ' ಅಂತ ಸಾಲುಸಾಲಾಗಿ ಪೋಣಿಸಬೇಡ. 'ಅಬ್ರಹಾಂ ಮತ್ತು ಚೈನ್ ವರದಿ ಮಾಡಿದ್ದರು' ಅನ್ನುವುದರಲ್ಲಿ ಗಾಂಭೀರ್ಯ ಏನೂ ಕಮ್ಮಿ ಆಗಿಲ್ಲ.

ಮುಂದಿನ ಪ್ಯಾರಾದಲ್ಲಿ 'ಭಯಾನಕ', 'ನಂಬೋಕೇ ಆಗಲ್ಲ' ಎರಡೂ ಇವೆ. ಅದನ್ನು ನೀನೇ ತಿದ್ದಿ ಗುರುವಾರದೊಳಗೆ ಕಳಿಸು.