ಡೆಲಿವರಿ ಕೆಲಸ ಬಿಡುವುದು, ಬಾಕಿ ಹಣ ಮತ್ತು ಖಾತೆ ಮುಚ್ಚುವ ಬಗ್ಗೆ

ದಿನಾಂಕ: 10 ನವೆಂಬರ್ 2025
ರಾಜಾಜಿನಗರ, ಬೆಂಗಳೂರು

ಇವರಿಗೆ,
ಪಾರ್ಟ್ನರ್ ಸಪೋರ್ಟ್ ವಿಭಾಗ,
ಬೆಂಗಳೂರು ಕಚೇರಿ

ಮಾನ್ಯರೇ,

ನಾನು ಮಂಜುನಾಥ ಕೆ., ರಾಜಾಜಿನಗರ ಜೋನ್‌ನ ಡೆಲಿವರಿ ಪಾರ್ಟ್ನರ್. ಐಡಿ 48213. ನಿನ್ನೆ, ಭಾನುವಾರ ರಾತ್ರಿ ಕೊನೆಯ ಆರ್ಡರ್ ಮುಗಿಸಿ ಲಾಗೌಟ್ ಆಗಿದ್ದೇನೆ. ತುಮಕೂರಿನಲ್ಲಿ ತಿಂಗಳ ಸಂಬಳದ ಕೆಲಸ ಸಿಕ್ಕಿದೆ, ಹಾಗಾಗಿ ಇನ್ನು ಮುಂದೆ ನಿಮ್ಮ ಆ್ಯಪ್‌ನಲ್ಲಿ ಕೆಲಸ ಮಾಡುವುದಿಲ್ಲ. ಇವತ್ತಿನಿಂದ ನನ್ನ ಐಡಿಗೆ ಆರ್ಡರ್ ಹಾಕಬೇಡಿ.

ನನಗೆ ಬರಬೇಕಾದದ್ದು ಒಟ್ಟು ₹5,892. ನವೆಂಬರ್ 3ರಿಂದ 9ರವರೆಗಿನ ದುಡಿಮೆ ₹4,380, ಇದು ಆ್ಯಪ್‌ನಲ್ಲೇ ಕಾಣುತ್ತದೆ. ದೀಪಾವಳಿ ವಾರದ ಇನ್ಸೆಂಟಿವ್ ₹600 ಇನ್ನೂ ಬಂದಿಲ್ಲ. ಟಾರ್ಗೆಟ್ ಮುಗಿದಿದೆ ಅಂತ ಅದೇ ಆ್ಯಪ್ ಹಸಿರು ಟಿಕ್ ತೋರಿಸಿತ್ತು, ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ಬ್ಯಾಗ್ ಡೆಪಾಸಿಟ್ ₹500. ಬ್ಯಾಗನ್ನು ಇವತ್ತು ಬೆಳಿಗ್ಗೆ ಹಬ್‌ನಲ್ಲಿ ವಾಪಸ್ ಕೊಟ್ಟು ರಸೀದಿ ಪಡೆದಿದ್ದೇನೆ.

ಉಳಿದ ₹412ರದ್ದೇ ತಕರಾರು. ಅಕ್ಟೋಬರ್ 28ರಂದು ಬಸವೇಶ್ವರನಗರದ ಒಂದು ಆರ್ಡರ್‌ಗೆ ಗ್ರಾಹಕರು ಫೋನ್ ಎತ್ತಲಿಲ್ಲ. ಸಪೋರ್ಟ್‌ನವರು ಹೇಳಿದ ಮೇಲೆಯೇ ಕ್ಯಾನ್ಸಲ್ ಮಾಡಿ, ಊಟದ ಪಾರ್ಸೆಲ್ ಹೋಟೆಲಿಗೆ ವಾಪಸ್ ಕೊಟ್ಟೆ. ಆದರೂ ಆರ್ಡರ್ ಹಣ ನನ್ನ ಲೆಕ್ಕದಲ್ಲಿ ಕಡಿತವಾಗಿದೆ. ಕೇಳಿದಾಗಲೆಲ್ಲ ಉತ್ತರವಿಲ್ಲದೆ ಟಿಕೆಟ್ ಮಾತ್ರ ಕ್ಲೋಸ್ ಆಗುತ್ತದೆ. ಕಡಿತಕ್ಕೆ ಕಾರಣ ತಿಳಿಸಬೇಕು ಅಂತ ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆಯೇ ಹೇಳುತ್ತದೆ ಅಲ್ವಾ? ಕಾರಣ ಇದ್ದರೆ ಬರಹದಲ್ಲಿ ಕೊಡಿ, ಇಲ್ಲದಿದ್ದರೆ ಹಣ ಕೊಡಿ.

ಕ್ಯಾಶ್ ಆರ್ಡರ್‌ಗಳಿಂದ ನನ್ನ ಕೈಯಲ್ಲಿದ್ದ ₹1,145 ನಿನ್ನೆ ರಾತ್ರಿಯೇ ಯುಪಿಐ ಮೂಲಕ ಕಟ್ಟಿದ್ದೇನೆ. ನನ್ನಿಂದ ನಿಮಗೆ ಏನೂ ಬಾಕಿ ಇಲ್ಲ.

ಆ್ಯಪ್‌ನಲ್ಲಿ ಈಗಾಗಲೇ ಇರುವ ಬ್ಯಾಂಕ್ ಖಾತೆಗೇ ಹಣ ಹಾಕಿ. ಬುಧವಾರದ ಪೇಔಟ್‌ನಲ್ಲೇ ಎಲ್ಲ ಸೇರಿದರೆ ಒಳ್ಳೆಯದು. ಹಣ ಬಂದ ನಂತರವೇ ಖಾತೆ ಮುಚ್ಚಿ, ಮೊದಲೇ ಮುಚ್ಚಬೇಡಿ. ಲಾಗಿನ್ ಹೋದರೆ ನನಗೆ ಲೆಕ್ಕ ನೋಡಲು ಬೇರೆ ದಾರಿ ಇಲ್ಲ. ಈ ವರ್ಷ ಏಪ್ರಿಲ್‌ನಿಂದ ಇಲ್ಲಿಯವರೆಗಿನ ಗಳಿಕೆಯ ಸ್ಟೇಟ್‌ಮೆಂಟ್ ನನ್ನ ಇಮೇಲ್‌ಗೆ ಕಳಿಸಿ. ಹಿಡಿದಿರುವ ಟಿಡಿಎಸ್‌ಗೆ ಫಾರ್ಮ್ 16ಎ ಕೂಡ ಬೇಕು. ಈ ತ್ರೈಮಾಸಿಕದ್ದು ಬರುವುದು ತಡವಾಗುತ್ತದೆ ಅಂತ ಗೊತ್ತು, ಖಾತೆ ಮುಚ್ಚಿದೆ ಅಂತ ಅದನ್ನು ನಿಲ್ಲಿಸಬೇಡಿ.

ಖಾತೆ ಮುಚ್ಚುವುದು ಅಂದರೆ ಸುಮ್ನೆ ಇನ್‌ಆ್ಯಕ್ಟಿವ್ ಮಾಡುವುದಲ್ಲ. ಬೇರೆಯವರ ಐಡಿಯಲ್ಲಿ ಗಾಡಿ ಓಡಿಸುವವರು ಜಾಸ್ತಿ ಆಗಿದ್ದಾರೆ, ನನ್ನ ಹೆಸರಿನಲ್ಲಿ ಅದು ಆಗಬಾರದು. ಕಾನೂನಿನ ಪ್ರಕಾರ ಇಟ್ಟುಕೊಳ್ಳಲೇಬೇಕಾದ ದಾಖಲೆ ಬಿಟ್ಟು ನನ್ನ ಆಧಾರ್, ಡಿಎಲ್, ಸೆಲ್ಫಿ ಎಲ್ಲವನ್ನೂ ಅಳಿಸಿ, ಖಾತೆ ಮುಚ್ಚಿದ ತಾರೀಕನ್ನು ಇಮೇಲ್‌ನಲ್ಲಿ ತಿಳಿಸಿ.

ನವೆಂಬರ್ 20ರೊಳಗೆ ಉತ್ತರ ಬರದಿದ್ದರೆ ಇದೇ ಪತ್ರವನ್ನು ಕಾರ್ಮಿಕ ಇಲಾಖೆಗೆ ಕೊಡುತ್ತೇನೆ.

ಇಂತಿ,
ಮಂಜುನಾಥ ಕೆ.

ಲಗತ್ತು: ಇನ್ಸೆಂಟಿವ್ ಸ್ಕ್ರೀನ್‌ಶಾಟ್, ಬ್ಯಾಗ್ ರಸೀದಿ, ಯುಪಿಐ ರಸೀದಿ, ಅಕ್ಟೋಬರ್ 28ರ ಸಪೋರ್ಟ್ ಚಾಟ್