ಬೋರ್ಮಾ ಸರಿ ಇಲ್ಲದಿದ್ದರೆ ಬೋನಸ್ ಏನು ಮಾಡೀತು? ಮೋಟಿವೇಶನ್ ಥಿಯರಿಗಳ ನೋಟ್ಸ್

ಇಂಟರ್ನಲ್ಸ್‌ನಲ್ಲಿ ಮೋಟಿವೇಶನ್ ಪ್ರಶ್ನೆ ಬಂದರೆ ಸಾಕು, ನೀವು ಮಾಸ್ಲೊನ ಅಗತ್ಯಗಳ ತ್ರಿಕೋನ ಬಿಡಿಸಿ ಐದು ಪಟ್ಟಿ ಹಾಕಿ ಕೂತುಬಿಡುತ್ತೀರಿ. ಅದಕ್ಕೆ ಮಾರ್ಕ್ಸ್ ಸಿಗುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಮುಂದಿನ ವಾರ ಫೀಲ್ಡ್ ವಿಸಿಟ್ ಇದೆ, ಅಲ್ಲಿ ತ್ರಿಕೋನ ಹಿಡಿದುಕೊಂಡು ಹೋದರೆ ಏನೂ ಕಾಣುವುದಿಲ್ಲ. ಹಾಗಾಗಿ ಇಡೀ ಪಾಠವನ್ನು ಒಂದೇ ಜಾಗದಲ್ಲಿಟ್ಟು ನೋಡೋಣ.

ಕಾರ್ಕಳ ಕಡೆಯ ಒಂದು ಸಣ್ಣ ಗೇರುಬೀಜ ಫ್ಯಾಕ್ಟರಿ ಅಂದುಕೊಳ್ಳಿ. ಎಪ್ಪತ್ತು ಜನ, ಹೆಚ್ಚಿನವರು ಸುತ್ತಮುತ್ತಲ ಹೆಂಗಸರು. ಬೀಜ ಬೇಯಿಸುತ್ತಾರೆ, ಕಟ್ಟಿಂಗ್ ಮಾಡುತ್ತಾರೆ, ಬೋರ್ಮಾ ಅನ್ನುವ ಒಣಗಿಸುವ ಒಲೆಯಲ್ಲಿ ಗಂಟೆಗಟ್ಟಲೆ ಇಡುತ್ತಾರೆ, ಆಮೇಲೆ ಒಳಸಿಪ್ಪೆ ತೆಗೆಯುವ ಪೀಲಿಂಗ್, ಕೊನೆಗೆ ಗ್ರೇಡಿಂಗ್. ಪೀಲಿಂಗಿನವರಿಗೆ ಕೆಜಿ ಲೆಕ್ಕದ ಕೂಲಿ. ಇಡೀ ತಿರುಳಿಗೆ ಒಂದು ರೇಟು, ತುಂಡಾದದ್ದಕ್ಕೆ ಅದಕ್ಕಿಂತ ಕಡಿಮೆ. ಕೆಲವು ತಿಂಗಳಿಂದ ತುಂಡು ಜಾಸ್ತಿ ಬರುತ್ತಿದೆ, ರಜೆಯೂ ಜಾಸ್ತಿಯಾಗಿದೆ. ಧಣಿಗಳು ಹೇಳುವುದು ಒಂದೇ ಮಾತು: "ಇವರಿಗೆ ಈಗ ಕೆಲಸದಲ್ಲಿ ಮನಸ್ಸೇ ಇಲ್ಲ." ಮನಸ್ಸು ತರಿಸಲು ತಿಂಗಳಿಗೆ ಇಂತಿಷ್ಟು ಇಡೀ ತಿರುಳು ಕೊಟ್ಟವರಿಗೆ ಇನ್ಸೆಂಟಿವ್ ಅಂತ ಬೋರ್ಡ್ ಹಾಕಿದರು. ಏನೂ ಬದಲಾಗಲಿಲ್ಲ.

ಇಲ್ಲಿ ನಾನು ಮೊದಲು ಹಿಡಿಯುವುದು ವ್ರೂಮ್‌ನನ್ನು, ಸಿಲೆಬಸ್‌ನಲ್ಲಿ ಅವನು ಎಷ್ಟೇ ಹಿಂದೆ ಇರಲಿ. 1964ರಲ್ಲಿ ವಿಕ್ಟರ್ ವ್ರೂಮ್ ಕೊಟ್ಟ ಎಕ್ಸ್‌ಪೆಕ್ಟೆನ್ಸಿ ಥಿಯರಿ ಇದು:

ಮೋಟಿವೇಶನ್ = ಎಕ್ಸ್‌ಪೆಕ್ಟೆನ್ಸಿ × ಇನ್‌ಸ್ಟ್ರುಮೆಂಟಾಲಿಟಿ × ವೇಲೆನ್ಸ್

ಅಂದರೆ ಕೆಲಸ ಮಾಡುವವಳ ತಲೆಯಲ್ಲಿ ಮೂರು ಪ್ರಶ್ನೆ. ನಾನು ಕಷ್ಟಪಟ್ಟರೆ ಕೆಲಸ ಚೆನ್ನಾಗಿ ಆಗುತ್ತದಾ? ಚೆನ್ನಾಗಿ ಆದರೆ ಹೇಳಿದ್ದು ಕೊಡುತ್ತಾರಾ? ಕೊಟ್ಟದ್ದು ನನಗೆ ಬೇಕಾದದ್ದಾ? ಮಧ್ಯದಲ್ಲಿರುವುದು ಗುಣಾಕಾರ, ಅದನ್ನು ಗಮನಿಸಿ. ಒಂದು ಕಡೆ ಸೊನ್ನೆ ಬಂದರೆ ಉಳಿದೆರಡು ಎಷ್ಟೇ ದೊಡ್ಡದಿದ್ದರೂ ಉತ್ತರ ಸೊನ್ನೆ.

ಈಗ ಪೀಲಿಂಗ್ ಮಾಡುವ ಅಕ್ಕನ ಕೈ ನೋಡಿ. ಬೋರ್ಮಾದಲ್ಲಿ ಸರಿಯಾಗಿ ಒಣಗಿದ ತಿರುಳಾದರೆ ಹೆಬ್ಬೆರಳಲ್ಲಿ ಮೆಲ್ಲ ಉಜ್ಜಿದರೆ ಸಾಕು, ಸಿಪ್ಪೆ ಉದುರುತ್ತದೆ. ಒಣಗಿದ್ದು ಕಡಿಮೆಯಾದರೆ ಸಿಪ್ಪೆ ಅಂಟಿಕೊಂಡಿರುತ್ತದೆ, ಚೂರಿಯಲ್ಲಿ ಕೆರೆಯಬೇಕು, ಕೆರೆಯುವಾಗ ತಿರುಳು ಎರಡಾಗುತ್ತದೆ. ಒಣಗಿದ್ದು ಜಾಸ್ತಿಯಾದರೂ ಕಷ್ಟವೇ, ಮುಟ್ಟಿದರೆ ಮುರಿಯುತ್ತದೆ. ಈ ಫ್ಯಾಕ್ಟರಿಯಲ್ಲಿ ಬೋರ್ಮಾದ ಒಂದು ಬದಿ ಸರಿಯಾಗಿ ಬಿಸಿಯಾಗುತ್ತಿಲ್ಲ. ಆ ಬದಿಯ ಟ್ರೇ ಯಾರ ಪಾಲಿಗೆ ಬಂತೋ ಅವರಿಗೆ ಆ ದಿನ ತುಂಡೇ ತುಂಡು. ಎಷ್ಟು ಜಾಗ್ರತೆ ಮಾಡಿದರೂ ಅಷ್ಟೇ. ಎಕ್ಸ್‌ಪೆಕ್ಟೆನ್ಸಿ ಸೊನ್ನೆ ಅಂದರೆ ಇದು. ರಿಪೇರಿ ಆಗಬೇಕಾದದ್ದು ಬೋರ್ಮಾ, ಭಾಷಣ ಸಿಗುತ್ತಿರುವುದು ಹೆಂಗಸರಿಗೆ.

ಎರಡನೆಯದು ಇನ್‌ಸ್ಟ್ರುಮೆಂಟಾಲಿಟಿ. ತೂಕ ಮಾಡುವುದು ಒಳಗಿನ ರೂಮಿನಲ್ಲಿ. ಇಡೀ ಎಷ್ಟು, ತುಂಡು ಎಷ್ಟು ಅಂತ ಸೂಪರ್‌ವೈಸರ್ ಬಂದು ಹೇಳಿದ ಮೇಲೆ ಗೊತ್ತಾಗುವುದು. ಮೋಸ ನಡೆಯುತ್ತಿದೆ ಅಂತ ನಾನು ಹೇಳುತ್ತಿಲ್ಲ. ಆದರೆ ಕಣ್ಣೆದುರು ತೂಗದಿದ್ದರೆ ಯಾರು ನಂಬುತ್ತಾರೆ ಹೇಳಿ? ತಕ್ಕಡಿಯನ್ನು ಹೊರಗೆ ತಂದಿಡಲು ಒಂದು ಪೈಸೆ ಖರ್ಚಿಲ್ಲ. ಮೂರನೆಯದು ವೇಲೆನ್ಸ್. ಇನ್ಸೆಂಟಿವ್ ಬರುವುದು ತಿಂಗಳ ಕೊನೆಗೆ, ಸ್ವಸಹಾಯ ಸಂಘದ ಕಂತು ಕಟ್ಟಬೇಕಾದದ್ದು ವಾರ ವಾರ. ಅದೇ ದುಡ್ಡು ಶನಿವಾರ ಕೈಗೆ ಬಂದರೆ ಅದರ ಬೆಲೆಯೇ ಬೇರೆ.

ಇನ್ನು ಆಡಮ್ಸ್, 1963, ಈಕ್ವಿಟಿ ಥಿಯರಿ. ಮನುಷ್ಯ ತನ್ನ ಸಂಬಳವನ್ನು ಮಾತ್ರ ನೋಡುವುದಿಲ್ಲ. ತಾನು ಹಾಕಿದ್ದಕ್ಕೆ ತನಗೆ ಸಿಕ್ಕಿದ್ದು ಎಷ್ಟು, ಪಕ್ಕದವರು ಹಾಕಿದ್ದಕ್ಕೆ ಅವರಿಗೆ ಸಿಕ್ಕಿದ್ದು ಎಷ್ಟು, ಇದನ್ನು ಹೋಲಿಸುತ್ತಾನೆ. ಈ ಫ್ಯಾಕ್ಟರಿಗೆ ಹೊರರಾಜ್ಯದಿಂದ ಕೆಲವು ಹುಡುಗರು ಬಂದಿದ್ದಾರೆ. ಅವರಿಗೆ ದಿನಕ್ಕೆ ಇಷ್ಟು ಅಂತ ಫಿಕ್ಸ್, ಜೊತೆಗೆ ರೂಮು. ಬೋರ್ಮಾ ಕೈಕೊಟ್ಟ ದಿನ ಇಲ್ಲಿಯ ಅಕ್ಕಂದಿರ ಕೂಲಿ ಇಳಿಯುತ್ತದೆ, ಅವರದ್ದು ಇಳಿಯುವುದಿಲ್ಲ. ಹುಡುಗರ ಕಡೆಯಿಂದ ನೋಡಿದರೆ ಅವರು ಮನೆ ಬಿಟ್ಟು ಬಂದಿದ್ದಾರೆ, ಓವರ್‌ಟೈಮ್ ಮಾಡುತ್ತಾರೆ, ಸಿಗುವುದು ಕಡಿಮೆಯೇ ಅನಿಸುತ್ತದೆ. ಇಬ್ಬರಿಗೂ ಅನ್ಯಾಯ ಅನಿಸಲು ಸಾಧ್ಯ, ಏಕೆಂದರೆ ಏನನ್ನು ಲೆಕ್ಕಕ್ಕೆ ಹಿಡಿಯಬೇಕು ಅನ್ನುವುದನ್ನು ಅವರವರೇ ನಿರ್ಧರಿಸುತ್ತಾರೆ. ಹೀಗೆ ಅನಿಸಿದಾಗ ಜನ ಏನು ಮಾಡುತ್ತಾರೆ ಅಂತಲೂ ಆಡಮ್ಸ್ ಹೇಳಿದ್ದಾನೆ. ಕೆಲಸ ಕಡಿಮೆ ಮಾಡುವುದು, ಜಾಸ್ತಿ ಕೇಳುವುದು, ಹೋಲಿಸುವ ವ್ಯಕ್ತಿಯನ್ನೇ ಬದಲಾಯಿಸುವುದು, ಇಲ್ಲವೇ ಬಿಟ್ಟು ಹೋಗುವುದು. ನಮ್ಮ ಕಡೆ ಬಿಟ್ಟು ಹೋಗುವುದು ಅಂದರೆ ಮನೆಯಲ್ಲೇ ಕೂತು ಬೀಡಿ ಕಟ್ಟುವುದು. ರಿಜಿಸ್ಟರಿನಲ್ಲಿ ಅದು ಬರೀ "ಗೈರು" ಅಂತ ಕಾಣುತ್ತದೆ.

ಹರ್ಜ್‌ಬರ್ಗ್ ನಿಮಗೆಲ್ಲ ಬಾಯಿಪಾಠ: ಸಂಬಳ, ಸೌಕರ್ಯದಂಥ ಹೈಜೀನ್ ಒಂದು ಕಡೆ, ಮರ್ಯಾದೆ, ಜವಾಬ್ದಾರಿಯಂಥ ಮೋಟಿವೇಟರ್ ಇನ್ನೊಂದು ಕಡೆ. ಟಾಯ್ಲೆಟ್ ಸರಿ ಮಾಡಿದರೆ ಬೈಗುಳ ನಿಲ್ಲುತ್ತದೆ, ಉತ್ಸಾಹ ಬರುವುದಿಲ್ಲ. ಇದು ಸತ್ಯ. ಗ್ರೇಡಿಂಗಿನ ಹಿರಿಯ ಅಕ್ಕನಿಗೆ "ಈ ಲಾಟ್ ಸರಿ ಇಲ್ಲ, ವಾಪಸ್" ಅನ್ನುವ ಅಧಿಕಾರ ಕೊಟ್ಟು ನೋಡಿ. ಒಂದು ಪೌಂಡಿಗೆ 300ರಿಂದ 320 ತಿರುಳು ಬಂದರೆ ಡಬ್ಲ್ಯೂ 320 ಗ್ರೇಡ್, ಅದನ್ನು ಆಕೆ ಎಣಿಸದೆ ಕಣ್ಣಳತೆಯಲ್ಲೇ ಬೇರೆ ಮಾಡುತ್ತಾಳೆ. ಅಂಥ ಕಣ್ಣಿಗೆ ಮರ್ಯಾದೆ ಸಿಕ್ಕಿದರೆ ಅದು ಮೋಟಿವೇಟರ್. ಆದರೆ ಹರ್ಜ್‌ಬರ್ಗ್ 1959ರಲ್ಲಿ ಹೇಳಿದ್ದಕ್ಕೆ ಆಧಾರ ಪಿಟ್ಸ್‌ಬರ್ಗ್‌ನ ಇಂಜಿನಿಯರುಗಳು ಮತ್ತು ಅಕೌಂಟೆಂಟುಗಳು, ಸುಮಾರು ಇನ್ನೂರು ಜನ. ತಿಂಗಳ ಸಂಬಳದವರು. ಕೆಜಿ ಲೆಕ್ಕದಲ್ಲಿ ದುಡಿಯುವವರಿಗೂ ದುಡ್ಡು ಬರೀ ಹೈಜೀನ್ ಅಂತ ಬರೆದರೆ ನಾನು ಮಾರ್ಕ್ಸ್ ಕೊಡುವುದಿಲ್ಲ.

ಮಾಸ್ಲೊ, 1943. ಬೇಗ ಮುಗಿಸೋಣ. ಆ ಪಿರಮಿಡ್ ಅವನು ಬಿಡಿಸಿದ್ದಲ್ಲ, ಆಮೇಲೆ ಮ್ಯಾನೇಜ್‌ಮೆಂಟ್‌ನವರು ಸೇರಿಸಿದ್ದು. ಕೆಳಗಿನ ಅಗತ್ಯ ಪೂರ್ತಿ ತುಂಬಿದ ಮೇಲೆಯೇ ಮೇಲಿನದು ಅಂತಲೂ ಅವನು ಅಷ್ಟು ಗಟ್ಟಿಯಾಗಿ ಹೇಳಿಲ್ಲ. ಊರಿನ ದೈವದ ನೇಮ ಇದ್ದ ದಿನ ಕೂಲಿ ಬಿಟ್ಟು ಹೋಗುವ ಅಕ್ಕನಿಗೆ ದುಡ್ಡು ಬೇಡ ಅಂತಲ್ಲ. ನಾಲ್ಕು ಜನರ ನಡುವೆ ಇರುವುದೂ ಅವಳಿಗೆ ಅಷ್ಟೇ ಬೇಕು. ಆ ದಿನಗಳು ಮೊದಲೇ ಗೊತ್ತಿರುತ್ತವೆ, ಶಿಫ್ಟ್ ಹಾಕುವಾಗ ಕೇಳಿದರೆ ಮುಗಿಯಿತು, ಅಲ್ವಾ?

ಮೆಕ್‌ಗ್ರೆಗರ್‌ನ ಎಕ್ಸ್, ವೈ (1960) ಕಾರ್ಮಿಕರ ಬಗ್ಗೆ ಅಂತ ತುಂಬ ಜನ ಬರೆಯುತ್ತೀರಿ. ಅದು ಮ್ಯಾನೇಜರ್ ತಲೆಯೊಳಗೆ ಏನಿದೆ ಅನ್ನುವುದರ ಬಗ್ಗೆ: ಜನಕ್ಕೆ ಕೆಲಸ ಬೇಡ, ಕಾವಲು ಬೇಕು ಅಂದುಕೊಂಡರೆ ಎಕ್ಸ್, ತಾವಾಗಿಯೇ ಮಾಡುತ್ತಾರೆ ಅಂದುಕೊಂಡರೆ ವೈ. "ಮನಸ್ಸೇ ಇಲ್ಲ" ಅಂದದ್ದು ಥಿಯರಿ ಎಕ್ಸ್. ಹಾಗೆ ಅಂದುಕೊಂಡವರು ಕ್ಯಾಮೆರಾ ಹಾಕುತ್ತಾರೆ, ಬೋರ್ಮಾ ನೋಡುವುದಿಲ್ಲ.

ಕೊನೆಯದು ಡೆಸಿ, 1971. ಕಾಲೇಜು ಹುಡುಗರಿಗೆ ಪಜಲ್ ಬಿಡಿಸಲು ದುಡ್ಡು ಕೊಟ್ಟು ಆಮೇಲೆ ನಿಲ್ಲಿಸಿದ, ಅವರು ಬಿಡುವಿನಲ್ಲಿ ಅದನ್ನು ಮುಟ್ಟುವುದು ಮೊದಲಿಗಿಂತ ಕಡಿಮೆಯಾಯಿತು. ಇಲ್ಲಿ ಹೊಸಬರಿಗೆ ಕೈ ತಿರುಗಿಸುವುದನ್ನು ಹಿರಿಯ ಅಕ್ಕಂದಿರು ಸುಮ್ನೆ ಕಲಿಸುತ್ತಿದ್ದರು ಅನ್ನಿ. ಅದಕ್ಕೆ ತಲೆಗೆ ಇಷ್ಟು ಅಂತ ರೇಟು ಕಟ್ಟಿ ಎರಡು ತಿಂಗಳಲ್ಲಿ ನಿಲ್ಲಿಸಿದರೆ ಏನಾಗಬಹುದು? ಉತ್ತರ ನೀವೇ ಬರೆಯಿರಿ. ಆದರೆ ಇದನ್ನು ಹಿಡಿದು ಕೂಲಿ ಜಾಸ್ತಿ ಮಾಡಬಾರದು ಅಂತ ವಾದ ಮಾಡಬೇಡಿ. ದುಡ್ಡಿಲ್ಲದೆಯೂ ಮಾಡುತ್ತಿದ್ದ ಕೆಲಸಕ್ಕೆ ಮಾತ್ರ ಇದು ಹೊಂದುತ್ತದೆ.

ವಿಸಿಟ್ ದಿನ ಬಸ್ ಎಂಟೂವರೆಗೆ ಕಾಲೇಜ್ ಗೇಟಿನಿಂದ ಹೊರಡುತ್ತದೆ. "ನಿಮಗೆ ಕೆಲಸ ಖುಷಿ ಕೊಡುತ್ತದಾ" ಅಂತ ಯಾರನ್ನೂ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ, ಸೂಪರ್‌ವೈಸರ್ ಪಕ್ಕದಲ್ಲೇ ನಿಂತಿರುತ್ತಾರಲ್ಲ. ನಿನ್ನೆ ಎಷ್ಟು ಕೆಜಿ ಆಯಿತು, ಮೊನ್ನೆಗಿಂತ ಕಡಿಮೆಯಾದರೆ ಯಾಕೆ, ತೂಕ ಎಲ್ಲಿ ಮಾಡುತ್ತಾರೆ, ಇದನ್ನು ಕೇಳಿ. ಕೆಲಸ ನಿಲ್ಲಿಸಿ ಮಾತಾಡಿಸಬೇಡಿ, ನಿಮ್ಮ ಐದು ನಿಮಿಷ ಅವರ ಕೂಲಿಯಿಂದ ಹೋಗುತ್ತದೆ. ಊಟದ ಹೊತ್ತಿಗೆ ಪಕ್ಕದಲ್ಲಿ ಕೂತು ಕೇಳಿದರಾಯಿತು.