ಬಿಲ್‌ನಲ್ಲಿ ಕಡಿತ ಮಾಡಿದ ₹46,500 ಬಿಡುಗಡೆ ಮಾಡುವ ಬಗ್ಗೆ

ಪರ್ಚೇಸ್ ಮ್ಯಾನೇಜರ್ ಅವರಿಗೆ,

ನಮಸ್ಕಾರ ಸರ್.

ನಿಮ್ಮ ಗೋದಾಮಿಗೆ ಸಪ್ಲೈ ಮಾಡಿದ ಸ್ಟೀಲ್ ರ‍್ಯಾಕ್‌ಗಳ ಬಿಲ್ ₹9,30,000. ಅದರಲ್ಲಿ 13 ದಿನ ತಡವಾಗಿದೆ ಎಂದು 5% ಹಿಡಿದುಕೊಂಡಿದ್ದೀರಿ. ಈ ಕಡಿತವನ್ನು ನಾವು ಒಪ್ಪುವುದಿಲ್ಲ.

ಪರ್ಚೇಸ್ ಆರ್ಡರ್ ಪ್ರಕಾರ, ನೀವು ಡ್ರಾಯಿಂಗ್ ಒಪ್ಪಿದ ದಿನದಿಂದ 30 ದಿನಗಳಲ್ಲಿ ಮಾಲು ತಲುಪಿಸಬೇಕು. ಮೊದಲ ಡ್ರಾಯಿಂಗ್ ಒಪ್ಪಿದ್ದು ಏಪ್ರಿಲ್ 10ಕ್ಕೆ. ನಿಮ್ಮ ಲೆಕ್ಕ ಅಲ್ಲಿಂದ ಶುರುವಾಗಿದೆ. ಆದರೆ ಏಪ್ರಿಲ್ 22ರಂದು ನಿಮ್ಮ ಪ್ರಾಜೆಕ್ಟ್ ವಿಭಾಗದವರೇ ರ‍್ಯಾಕ್ ಎತ್ತರವನ್ನು 1800ರಿಂದ 2100 ಮಿ.ಮೀ.ಗೆ ಬದಲಾಯಿಸಿದರು. ಕತ್ತರಿಸಿಟ್ಟ ಕಂಬಗಳನ್ನು ಪಕ್ಕಕ್ಕಿಟ್ಟು ಹೊಸದಾಗಿ ಮಾಡಬೇಕಾಯಿತು. ಅದಕ್ಕೆ ನಾವು ಒಂದು ರೂಪಾಯಿಯನ್ನೂ ಜಾಸ್ತಿ ಕೇಳಲಿಲ್ಲ. ಹೊಸ ಡ್ರಾಯಿಂಗ್ ಒಪ್ಪಿದ್ದು ಏಪ್ರಿಲ್ 24ಕ್ಕೆ. ಅಂದರೆ ಗಡುವು ಮೇ 24, ಅಲ್ವಾ?

ನಮ್ಮ ಲಾರಿ ಮೇ 19ಕ್ಕೇ ನಿಮ್ಮ ಗೇಟಿಗೆ ಬಂದಿತ್ತು. ನೆಲಕ್ಕೆ ಎಪಾಕ್ಸಿ ಹಾಕುತ್ತಿದ್ದಾರೆಂದು ವಾಪಸ್ ಕಳಿಸಿದಿರಿ. ಮೇ 23ಕ್ಕೆ ಇಳಿಸಿಕೊಂಡಿರಿ. ಆ ದಿನ ಹಿಡಿದರೂ ಗಡುವಿನೊಳಗೇ ಇದ್ದೇವೆ.

ಎರಡೂ ಡ್ರಾಯಿಂಗ್, ಏಪ್ರಿಲ್ 22ರ ಇಮೇಲ್, ಗೇಟ್ ಎಂಟ್ರಿ ಚೀಟಿ, ಸಹಿ ಮಾಡಿದ ಡೆಲಿವರಿ ಚಲನ್ ಲಗತ್ತಿಸಿದ್ದೇವೆ.

ನಮ್ಮದು ಉದ್ಯಮ್ ನೋಂದಣಿ ಇರುವ ಸಣ್ಣ ಘಟಕ. ಈ ಮೊತ್ತ ನಮ್ಮ ವೆಲ್ಡರ್‌ಗಳ ಸಂಬಳದ ಹಣ. 2006ರ ಎಂಎಸ್‌ಎಂಇಡಿ ಕಾಯ್ದೆಯಲ್ಲಿ ಪಾವತಿಗೆ 45 ದಿನಗಳ ಮಿತಿಯಿದೆ, ತಡವಾದರೆ ಬಡ್ಡಿಯೂ ಉಂಟು. ಅಲ್ಲಿಯವರೆಗೆ ಹೋಗುವ ಇಷ್ಟ ನಮಗಿಲ್ಲ.

ದಯವಿಟ್ಟು ಜುಲೈ 5ರೊಳಗೆ ಹಣ ಬಿಡುಗಡೆ ಮಾಡಿ. ಯಾವುದೇ ದಿನಾಂಕದ ಬಗ್ಗೆ ಅನುಮಾನವಿದ್ದರೆ ಕಡತ ಹಿಡಿದು ನಿಮ್ಮ ಆಫೀಸಿಗೇ ಬರುತ್ತೇನೆ.

ಇಂತಿ,
ಮಾಲೀಕರು, ಫ್ಯಾಬ್ರಿಕೇಶನ್ ಘಟಕ
ಪೀಣ್ಯ, ಬೆಂಗಳೂರು